ಮನೆಯಲ್ಲಿ ಸಾವಾದಾಗ ಅಸೈನ್‌ಮೆಂಟ್‌ಗೆ ಹೆಚ್ಚಿನ ದಿನ ಕೇಳುವುದು ಹೇಗೆ?

ಸೆಮಿಸ್ಟರ್ ಮುಗಿಯುತ್ತಾ ಬಂದಂತೆ ಅಸೈನ್‌ಮೆಂಟ್, ಸೆಮಿನಾರ್, ಇಂಟರ್ನಲ್ಸ್ ಎಲ್ಲ ಒಟ್ಟಿಗೆ ಮೈಮೇಲೆ ಬೀಳುತ್ತವೆ. ಅದೇ ವಾರ ಮನೆಯಿಂದ ಫೋನ್ ಬರುತ್ತದೆ, ಅಜ್ಜಿ ಹೋದರು ಅಂತ. ಹಾಸ್ಟೆಲಿನಿಂದ ಸಿಕ್ಕಿದ ಬಸ್ಸು ಹತ್ತಿ ಊರಿಗೆ ಹೊರಟಾಗ, ಶುಕ್ರವಾರ ಕೊಡಬೇಕಾದ ಅಸೈನ್‌ಮೆಂಟ್ ನೆನಪಾಗುತ್ತದೆ. ಮೇಡಂಗೆ ಏನಂತ ಬರೆಯುವುದು? ಎಷ್ಟು ಹೇಳಬೇಕು? ಕಡಿಮೆ ಹೇಳಿದರೆ ನಂಬುತ್ತಾರಾ?

ಮಂಗಳೂರಿನ ಒಂದು ಕಾಲೇಜಿನಲ್ಲಿ ಪಾಠ ಮಾಡುವ ನನಗೆ ಇಂಥ ಪತ್ರಗಳು ಪ್ರತಿ ಸೆಮಿಸ್ಟರ್ ಬರುತ್ತವೆ. ಹೆಚ್ಚಿನವು ತುಂಬಾ ಉದ್ದ ಇರುತ್ತವೆ. ಆದರೂ ಬೇಕಾದ ಒಂದೆರಡು ವಿಷಯ ಅದರಲ್ಲಿರುವುದಿಲ್ಲ. ದುಃಖದಲ್ಲಿರುವ ಹುಡುಗ ಹುಡುಗಿಯರಿಗೆ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ, ಹೇಳಿಕೊಡಬೇಕು ಅಂತ ನಮಗೂ ಹೊಳೆಯುವುದಿಲ್ಲ. ಹಾಗಾಗಿ ಇಲ್ಲಿ ಬುಡದಿಂದಲೇ ಶುರು ಮಾಡುತ್ತೇನೆ.

## ಕೇಳುತ್ತಿರುವುದು ಏನನ್ನು?

ಕಾಲೇಜಿನಲ್ಲಿ ಒಂದು ಸಾವಿನಿಂದ ಮೂರು ಬೇರೆ ಬೇರೆ ತೊಡಕು ಹುಟ್ಟುತ್ತವೆ. ಒಂದು, ಅಸೈನ್‌ಮೆಂಟ್ ಹೊತ್ತಿಗೆ ಕೊಡಲಾಗುವುದಿಲ್ಲ. ಎರಡು, ಕ್ಲಾಸಿಗೆ ಹೋಗದ ದಿನಗಳ ಹಾಜರಾತಿ ಹೋಗುತ್ತದೆ. ಮೂರು, ಪರೀಕ್ಷೆ ಇದ್ದರೆ ಅದು ತಪ್ಪಿಹೋಗುತ್ತದೆ.

ಈ ಮೂರನ್ನೂ ಒಬ್ಬರೇ ಸರಿಪಡಿಸಲು ಆಗುವುದಿಲ್ಲ. ಅಸೈನ್‌ಮೆಂಟಿನ ಗಡುವು ಪಾಠ ಮಾಡುವವರ ಕೈಯಲ್ಲಿದೆ. ಅವರೇ ಹಾಕಿದ ದಿನ, ಅವರೇ ಮುಂದೆ ಹಾಕಬಹುದು. ಹಾಜರಾತಿಯ ಮಾತು ವಿಭಾಗದ ಮುಖ್ಯಸ್ಥರು, ಪ್ರಾಂಶುಪಾಲರ ತನಕ ಹೋಗುತ್ತದೆ. ವಿಶ್ವವಿದ್ಯಾನಿಲಯದ ಸೆಮಿಸ್ಟರ್ ಪರೀಕ್ಷೆಯಂತೂ ಕಾಲೇಜಿನ ಮೇಷ್ಟ್ರು ಮನಸ್ಸು ಮಾಡಿದರೂ ಒಂದು ದಿನ ಆಚೆ ಹೋಗುವುದಿಲ್ಲ.

ಮೂರನ್ನೂ ಒಂದೇ ಪತ್ರಕ್ಕೆ ತುಂಬಿದರೆ ಅದನ್ನು ಓದಿದವರು "ವಿಭಾಗದಲ್ಲಿ ಕೇಳಿ ಹೇಳುತ್ತೇನೆ" ಎಂದು ಬದಿಗಿಡುತ್ತಾರೆ. ಅವರು ಆ ಕ್ಷಣವೇ ಒಪ್ಪಬಹುದಾಗಿದ್ದ ಅಸೈನ್‌ಮೆಂಟಿನ ವಿಷಯವೂ ಅದರ ಜೊತೆ ನಿಂತುಬಿಡುತ್ತದೆ. ಆದ್ದರಿಂದ ಈ ಪತ್ರದಲ್ಲಿ ಅಸೈನ್‌ಮೆಂಟ್ ಮಾತ್ರ ಇರಲಿ.

## ಓದುವವರಿಗೆ ಏನು ಬೇಕು?

ಬಸ್ಸಿನಲ್ಲಿ ಕಂಡಕ್ಟರ್‌ಗೆ ಎಲ್ಲಿಂದ ಎಲ್ಲಿಗೆ ಅಂತ ಹೇಳಿದರೆ ಟಿಕೆಟ್ ಕೊಡುತ್ತಾರೆ. ಯಾಕೆ ಹೋಗುತ್ತಿದ್ದೀರಿ ಅಂತ ವಿವರಿಸುತ್ತಾ ಹೋದರೂ ಕೊನೆಗೆ ಅವರು ಕೇಳುವುದು "ಎಲ್ಲಿಗೆ?" ಎಂದೇ ಅಲ್ವಾ? ಇಲ್ಲೂ ಹಾಗೆಯೇ. ಪತ್ರ ಓದುವ ಮೇಡಂಗೆ ಗೊತ್ತಾಗಬೇಕಾದ್ದು ಇಷ್ಟು: ಬರೆದವರು ಯಾರು, ತೀರಿಕೊಂಡವರು ಏನಾಗಬೇಕು, ಯಾವ ಕೆಲಸ ಬಾಕಿ, ಯಾವ ದಿನದೊಳಗೆ ಕೊಡುತ್ತೀರಿ.

ಕೊನೆಯದ್ದು ಎಲ್ಲಕ್ಕಿಂತ ಮುಖ್ಯ. ಯಾಕೆ ಅಂತ ಹೇಳುತ್ತೇನೆ. ಈಗ ಅನೇಕ ಕಡೆ ಅಸೈನ್‌ಮೆಂಟ್ ತೆಗೆದುಕೊಳ್ಳುವುದು ಮೂಡಲ್‌ನಂಥ ಆನ್‌ಲೈನ್ ವ್ಯವಸ್ಥೆಯಲ್ಲಿ. ಅದರಲ್ಲಿ ಎರಡು ದಿನಾಂಕ ಇರುತ್ತವೆ. Due date ಅಂದರೆ ಕೊಡಬೇಕಾದ ದಿನ. ಅದು ದಾಟಿದರೂ ಅಪ್‌ಲೋಡ್ ಆಗುತ್ತದೆ, ತಡವಾಗಿದೆ ಅಂತ ಗುರುತು ಬೀಳುತ್ತದೆ ಅಷ್ಟೆ. Cut-off date ಅಂದರೆ ಬಾಗಿಲು ಹಾಕುವ ದಿನ. ಆಮೇಲೆ ಏನೂ ಒಳಗೆ ಹೋಗುವುದಿಲ್ಲ. ಒಬ್ಬ ವಿದ್ಯಾರ್ಥಿಗೆ ಮಾತ್ರ ಹೆಚ್ಚಿನ ದಿನ ಕೊಡಬೇಕಾದರೆ ಮೇಡಂ ಆ ವಿದ್ಯಾರ್ಥಿಯ ಹೆಸರಿನ ಎದುರು Grant extension ಒತ್ತಿ ಒಂದು ದಿನಾಂಕ ಹಾಕಬೇಕು. "ಸ್ವಲ್ಪ ದಿನ" ಅಂತ ಅಲ್ಲಿ ಹಾಕಲು ಬರುವುದಿಲ್ಲ. ಕಾಗದದ ಮೇಲೆ ಬರೆದು ಸ್ಟಾಫ್ ರೂಮಿನಲ್ಲಿ ಕೊಡುವ ಅಸೈನ್‌ಮೆಂಟ್ ಆದರೂ ಅಷ್ಟೇ, ಮೇಡಂ ತಮ್ಮ ಪಟ್ಟಿಯಲ್ಲಿ ಒಂದು ದಿನ ಬರೆದಿಟ್ಟುಕೊಳ್ಳಲೇಬೇಕು.

ದಿನಾಂಕ ಹೇಳದಿದ್ದರೆ ಮೇಡಂ "ಎಷ್ಟು ದಿನ ಬೇಕು?" ಎಂದು ತಿರುಗಿ ಬರೆಯುತ್ತಾರೆ. ನೀವು ಆಗ ಊರಿನಲ್ಲಿ ಜನರ ನಡುವೆ ಇರುತ್ತೀರಿ, ಮೆಸೇಜ್ ನೋಡುವುದಿಲ್ಲ. ಅಷ್ಟರಲ್ಲಿ ಗಡುವು ದಾಟಿರುತ್ತದೆ.

## ಒಂದು ಉದಾಹರಣೆ

ಮಂಗಳೂರಿನ ಹಾಸ್ಟೆಲಿನಲ್ಲಿರುವ, ಅರ್ಥಶಾಸ್ತ್ರ ಎಂ.ಎ. ಓದುವ ಒಬ್ಬಳು ವಿದ್ಯಾರ್ಥಿನಿ ಅಂತ ಇಟ್ಟುಕೊಳ್ಳೋಣ. ಮನೆ ಕಾರ್ಕಳದಲ್ಲಿ. ನವೆಂಬರ್ 10ರ ಮಂಗಳವಾರ ಬೆಳಗಿನ ಜಾವ ಅಜ್ಜಿ ತೀರಿಕೊಂಡರು. ಎರಡನೇ ಅಸೈನ್‌ಮೆಂಟ್ ಕೊಡಬೇಕಾದ್ದು 13ರ ಶುಕ್ರವಾರ. ಬುಧವಾರ ಬೆಳಿಗ್ಗೆ ಅವಳು ಬರೆಯುವ ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ. ಇದು ಯಾರದ್ದೋ ಪತ್ರವಲ್ಲ, ನನಗೆ ಬರುವ ಪತ್ರಗಳ ಧಾಟಿಯಲ್ಲಿ ನಾನೇ ಬರೆದದ್ದು.

> ಮೇಡಂ, ದಯವಿಟ್ಟು ಕ್ಷಮಿಸಿ. ನನ್ನ ಅಜ್ಜಿಗೆ ಮೂರು ವರ್ಷದಿಂದ ಶುಗರ್ ಇತ್ತು. ಕಳೆದ ತಿಂಗಳು ಕಿಡ್ನಿಗೆ ತೊಂದರೆಯಾಗಿ ಆಸ್ಪತ್ರೆಗೆ ಸೇರಿಸಿದ್ದೆವು. ಡಯಾಲಿಸಿಸ್ ಮಾಡಿಸುವುದೋ ಬೇಡವೋ ಅಂತ ಅಪ್ಪನಿಗೂ ದೊಡ್ಡಪ್ಪನಿಗೂ ಮಾತಿಗೆ ಮಾತು ಬೆಳೆದು ಮನೆಯಲ್ಲಿ ತುಂಬಾ ಬೇಜಾರಾಗಿತ್ತು. ನಿನ್ನೆ ಅಜ್ಜಿ ತೀರಿಕೊಂಡರು. ನನ್ನನ್ನು ಸಾಕಿದ್ದೇ ಅವರು. ನನಗೆ ಏನೂ ತೋಚುತ್ತಿಲ್ಲ. ನಾನು ಯಾವತ್ತೂ ಅಸೈನ್‌ಮೆಂಟ್ ತಡ ಮಾಡಿದವಳಲ್ಲ, ನಿಮಗೇ ಗೊತ್ತು. ಸುಳ್ಳು ಹೇಳುತ್ತಿಲ್ಲ ಮೇಡಂ, ಬೇಕಾದರೆ ಅಪ್ಪನ ನಂಬರ್ ಕೊಡುತ್ತೇನೆ. ದಯವಿಟ್ಟು ಸ್ವಲ್ಪ ದಿನ ಟೈಮ್ ಕೊಡಿ.

ಓದಿದರೆ ಕರುಳು ಚುರುಕ್ ಎನ್ನುತ್ತದೆ. ಆದರೆ ಇದರಲ್ಲಿ ಯಾವ ಅಸೈನ್‌ಮೆಂಟ್ ಅಂತ ಇಲ್ಲ. ಯಾವ ದಿನ ಕೊಡುತ್ತಾಳೆ ಅಂತ ಇಲ್ಲ. ಬರೆದವಳ ಹೆಸರೇ ಇಲ್ಲ.

ಇನ್ನು ಒಳಗೆ ಇರುವುದನ್ನು ನೋಡೋಣ. ಕಾಯಿಲೆಯ ವಿವರ ಮೇಡಂಗೆ ಬೇಕಿಲ್ಲ, ಅಜ್ಜಿ ಹೇಗೆ ತೀರಿಕೊಂಡರು ಎಂಬುದರ ಮೇಲೆ ದಿನ ಕೊಡುವುದು ನಿಂತಿಲ್ಲ. ಅಪ್ಪ ದೊಡ್ಡಪ್ಪನ ಜಗಳ ಬರೆಯಬಾರದು ಎನ್ನಲು ಇನ್ನೂ ಗಟ್ಟಿಯಾದ ಕಾರಣ ಇದೆ. ಮೇಲ್ ಒಬ್ಬರಲ್ಲೇ ಉಳಿಯುವುದಿಲ್ಲ. ಮೇಡಂ ಅದನ್ನು ವಿಭಾಗದ ಮುಖ್ಯಸ್ಥರಿಗೆ ಫಾರ್ವರ್ಡ್ ಮಾಡಬಹುದು. ತಡವಾಗಿ ಬಂದ ಅಸೈನ್‌ಮೆಂಟಿಗೆ ಯಾಕೆ ಪೂರ್ತಿ ಅಂಕ ಕೊಟ್ಟಿರಿ ಅಂತ ಯಾರಾದರೂ ಕೇಳಿದರೆ ತೋರಿಸಲು ಪ್ರಿಂಟ್ ತೆಗೆದು ಫೈಲಿಗೆ ಹಾಕಬಹುದು. ಮನೆಯೊಳಗಿನ ಮಾತು ಕಾಲೇಜಿನ ಫೈಲಿನಲ್ಲಿ ಇರಬೇಕಾ? ಸಾವು ಅಪಘಾತದಿಂದ ಆಗಿದ್ದರೆ, ಅಥವಾ ಜೀವ ತಾವೇ ತೆಗೆದುಕೊಂಡಿದ್ದರೆ, ಇದು ಇನ್ನೂ ಜಾಸ್ತಿ ಅನ್ವಯಿಸುತ್ತದೆ. "ತೀರಿಕೊಂಡರು" ಎಂಬ ಒಂದು ಪದ ಸಾಕು. ಕಾರಣ ಹೇಳುವ ಬಾಧ್ಯತೆ ನಿಮಗಿಲ್ಲ, ಕೇಳುವ ಹಕ್ಕು ನಮಗೂ ಇಲ್ಲ.

"ಸುಳ್ಳು ಹೇಳುತ್ತಿಲ್ಲ" ಎಂಬ ಮಾತು ಬೇಡ. ಅಲ್ಲಿಯವರೆಗೆ ಸುಮ್ನೆ ಓದುತ್ತಿದ್ದವರ ತಲೆಗೆ ಅನುಮಾನವನ್ನು ಬರೆದವರೇ ಹಾಕಿದಂತೆ ಆಗುತ್ತದೆ. ಕ್ಷಮೆಯೂ ಬೇಡ, ಇಲ್ಲಿ ತಪ್ಪು ಮಾಡಿದವರು ಯಾರೂ ಇಲ್ಲ. "ನಿನ್ನೆ" ಎಂಬುದರ ಬದಲು ದಿನಾಂಕ ಬೇಕು. ಮೇಡಂ ಮೇಲ್ ನೋಡುವುದು ಎರಡು ದಿನ ಬಿಟ್ಟು ಆಗಿರಬಹುದು.

ಇದನ್ನೆಲ್ಲ ತೆಗೆದು, ಇಲ್ಲದ್ದನ್ನು ಸೇರಿಸಿದರೆ ಉಳಿಯುವ ಪತ್ರ ಇದು:

> ವಿಷಯ: ಅಸೈನ್‌ಮೆಂಟ್ 2ಕ್ಕೆ ನವೆಂಬರ್ 19ರವರೆಗೆ ಸಮಯ ಕೋರಿ (ಎಂ.ಎ. ಅರ್ಥಶಾಸ್ತ್ರ, 3ನೇ ಸೆಮಿಸ್ಟರ್)
>
> ಮೇಡಂ, ನಮಸ್ಕಾರ.
>
> ನನ್ನ ಅಜ್ಜಿ ನವೆಂಬರ್ 10, ಮಂಗಳವಾರ ತೀರಿಕೊಂಡರು. ನಾನು ಕಾರ್ಕಳದ ಮನೆಯಲ್ಲಿದ್ದೇನೆ, 15ರ ಭಾನುವಾರ ಸಂಜೆ ಮಂಗಳೂರಿಗೆ ಮರಳುತ್ತೇನೆ. ನವೆಂಬರ್ 13ಕ್ಕೆ ಕೊಡಬೇಕಾದ ಅಸೈನ್‌ಮೆಂಟ್ 2 ಅನ್ನು 19ರ ಗುರುವಾರ ಸಂಜೆ 5 ಗಂಟೆಯೊಳಗೆ ಕೊಡಲು ದಯವಿಟ್ಟು ಅವಕಾಶ ಮಾಡಿಕೊಡಿ. ದಾಖಲೆ ಬೇಕಿದ್ದರೆ ಮರಳಿದ ಮೇಲೆ ತಂದುಕೊಡುತ್ತೇನೆ.
>
> ಇಂತಿ,
> (ಹೆಸರು, ರಿಜಿಸ್ಟರ್ ನಂಬರ್)

ನಾಲ್ಕೇ ವಾಕ್ಯ. ಮೊಬೈಲಿನಲ್ಲಿ ಒಮ್ಮೆ ನೋಡಿದರೆ ಪೂರ್ತಿ ಕಾಣುತ್ತದೆ. ಮೇಡಂ "ಆಗಲಿ, 19ಕ್ಕೆ ಕೊಡಿ" ಎಂದು ಬರೆದರೆ ಮುಗಿಯಿತು. ಇಂಗ್ಲಿಷಿನಲ್ಲಿ ಬರೆಯುವುದಾದರೂ ಅಳತೆ ಇದೇ. ಇದು ಒಣಗಿದ ಪತ್ರ, ಅಜ್ಜಿಯ ಮೇಲಿನ ಪ್ರೀತಿ ಇದರಲ್ಲಿ ಕಾಣುವುದಿಲ್ಲ ಅಂತ ಅನಿಸಬಹುದು. ಮೊದಲ ಸಾಲನ್ನು ಓದಿದ ಯಾರಿಗೂ ದುಃಖ ಅರ್ಥವಾಗದೇ ಇರುವುದಿಲ್ಲ, ನಂಬಿ.

## 19 ಎಂಬ ದಿನ ಎಲ್ಲಿಂದ ಬಂತು?

ನನ್ನ ಪ್ರಕಾರ ಇಡೀ ಪತ್ರದಲ್ಲಿ ಕಷ್ಟದ ಭಾಗ ಇದೊಂದೇ. ದುಃಖದಲ್ಲಿ ಲೆಕ್ಕ ಹಾಕಲು ಮನಸ್ಸು ಬರುವುದಿಲ್ಲ. ಹಾಗಾಗಿ ಹೆಚ್ಚಿನವರು "ಸೋಮವಾರ ಕೊಡುತ್ತೇನೆ" ಎಂದು ಬರೆದುಬಿಡುತ್ತಾರೆ. ಸೋಮವಾರ ಆಗುವುದಿಲ್ಲ, ಮತ್ತೊಮ್ಮೆ ಕೇಳಬೇಕಾಗುತ್ತದೆ. ಎರಡನೇ ಸಲ ಕೇಳುವುದು ಮೊದಲ ಸಲದಷ್ಟು ಸುಲಭವಲ್ಲ.

ನಮ್ಮ ಉದಾಹರಣೆಯನ್ನೇ ನೋಡಿ. ಭಾನುವಾರದ ತನಕ ಅವಳು ಮನೆಯಲ್ಲಿ ಇರಲೇಬೇಕು, ಬಂದು ಹೋಗುವವರು ಇರುತ್ತಾರೆ. ಆ ಐದಾರು ದಿನದಲ್ಲಿ ಒಂದು ಪುಟವೂ ಬರೆಯಲಾಗುವುದಿಲ್ಲ ಅಂತ ಈಗಲೇ ಇಟ್ಟುಕೊಳ್ಳುವುದು ಒಳ್ಳೆಯದು. ಮನೆಯಲ್ಲಿ ಕೂತು ಬರೆಯುತ್ತೇನೆ ಎಂಬ ಲೆಕ್ಕ ಯಾವತ್ತೂ ಕೈಕೊಡುತ್ತದೆ. ಅಸೈನ್‌ಮೆಂಟ್ ಅರ್ಧ ಆಗಿದೆ, ಉಳಿದದ್ದಕ್ಕೆ ಎರಡು ಸಂಜೆ ಬೇಕು. ಸೋಮವಾರದಿಂದ ಹಗಲು ಕ್ಲಾಸ್ ಇದೆ. ಹಾಗಾಗಿ ಸೋಮವಾರ, ಮಂಗಳವಾರದ ಸಂಜೆ ಕೆಲಸ, ಮನಸ್ಸು ನಿಲ್ಲದಿದ್ದರೆ ಇರಲಿ ಅಂತ ಬುಧವಾರ ಒಂದು ದಿನ ಹೆಚ್ಚಿಗೆ. ಗುರುವಾರ ಕೊಡುವುದು.

ಬೊಜ್ಜ ಮುಗಿಸಿಯೇ ಕೊಡಬಹುದಿತ್ತಲ್ಲ ಅಂತ ಕೇಳಬಹುದು. ಹೊರಗಿನಿಂದ ಬಂದ ಓದುಗರಿಗಾಗಿ ಹೇಳುವುದಾದರೆ, ನಮ್ಮ ತುಳುನಾಡಿನಲ್ಲಿ ಉತ್ತರಕ್ರಿಯೆಗೆ ಬೊಜ್ಜ ಎನ್ನುತ್ತಾರೆ. ಅದು ಎಷ್ಟನೇ ದಿನ ಎಂಬುದು ಜಾತಿಯಿಂದ ಜಾತಿಗೆ, ಮನೆಯಿಂದ ಮನೆಗೆ ಬೇರೆ. ಈ ಮನೆಯಲ್ಲಿ ಹದಿಮೂರನೇ ದಿನ ಎಂದಿಟ್ಟುಕೊಂಡರೆ, ಸಾವಿನ ದಿನವನ್ನೂ ಸೇರಿಸಿ ಲೆಕ್ಕ ಹಾಕಿದಾಗ ನವೆಂಬರ್ 22, ಭಾನುವಾರ ಬರುತ್ತದೆ. ಅದರ ನಂತರ ಕೊಡುತ್ತೇನೆ ಎಂದರೆ ಗಡುವಿಗಿಂತ ಹತ್ತು ದಿನ ತಡ. ಅಷ್ಟರಲ್ಲಿ ಮೇಡಂ ಉಳಿದವರ ಅಸೈನ್‌ಮೆಂಟ್ ತಿದ್ದಿ, ಕ್ಲಾಸಿನಲ್ಲಿ ಉತ್ತರಗಳನ್ನು ಚರ್ಚಿಸಿರುತ್ತಾರೆ. ಉತ್ತರ ಹೇಳಿಕೊಟ್ಟ ಮೇಲೆ ಅದೇ ಪ್ರಶ್ನೆಯ ಅಸೈನ್‌ಮೆಂಟ್ ತೆಗೆದುಕೊಳ್ಳಲು ಆಗುವುದಿಲ್ಲ, ಬೇರೆ ಪ್ರಶ್ನೆ ಕೊಡಬೇಕಾಗುತ್ತದೆ. ಅದು ಇಬ್ಬರಿಗೂ ಹೊರೆ. ಇಂಟರ್ನಲ್ ಅಂಕಗಳನ್ನು ಅಪ್‌ಲೋಡ್ ಮಾಡಲು ಕಾಲೇಜಿಗೂ ಒಂದು ಕೊನೆಯ ದಿನ ಇರುತ್ತದೆ. ಅದನ್ನು ದಾಟಿ ಮೇಡಂ ಹೋಗಲಾರರು.

ಹಾಗಾಗಿ ಅವಳು ನಡುವೆ ಐದು ದಿನ ಮಂಗಳೂರಿಗೆ ಬಂದು ಕೆಲಸ ಮುಗಿಸಿ, ಶನಿವಾರ ಮೂಡುಬಿದಿರೆ ದಾರಿಯ ಬಸ್ಸಿನಲ್ಲಿ ಮತ್ತೆ ಕಾರ್ಕಳಕ್ಕೆ ಹೋಗುತ್ತಾಳೆ. ಬೊಜ್ಜದ ದಿನ ಅಸೈನ್‌ಮೆಂಟ್ ತಲೆಯಲ್ಲಿರುವುದಿಲ್ಲ.

ದಫನ ಅದೇ ದಿನ ಮುಗಿಯುವ ಮುಸ್ಲಿಂ ಮನೆಗಳಲ್ಲಿ, ಏಳನೇ ದಿನ ಪೂಜೆ ಇಡುವ ಕ್ರೈಸ್ತ ಮನೆಗಳಲ್ಲಿ ದಿನಗಳು ಬದಲಾಗುತ್ತವೆ. ಆದರೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಅವೇ: ಯಾವ ದಿನಗಳಲ್ಲಿ ನಾನು ಮನೆಯಲ್ಲಿ ಇರಲೇಬೇಕು, ಉಳಿದ ಕೆಲಸಕ್ಕೆ ಎಷ್ಟು ಸಂಜೆ ಬೇಕು? ಅದರ ಮೇಲೆ ಒಂದು ದಿನ ಸೇರಿಸಿ. ಪತ್ರದಲ್ಲಿ ಈ ಲೆಕ್ಕವನ್ನೆಲ್ಲ ಬರೆಯಬೇಡಿ, ಕೊನೆಗೆ ಬಂದ ದಿನಾಂಕ ಮಾತ್ರ ಬರೆಯಿರಿ.

## ಸಂಬಂಧ ಹೇಳುವಾಗ

ಅಪ್ಪ, ಅಮ್ಮ, ಅಜ್ಜ, ಅಜ್ಜಿ, ಅಣ್ಣ, ತಂಗಿ ಆದರೆ ಬೇರೆ ಮಾತೇ ಬೇಡ. ತೊಡಕು ಬರುವುದು ಸೋದರಮಾವನ ವಿಷಯದಲ್ಲಿ. ತಾಯಿಯ ಕಡೆಯಿಂದ ವಂಶ ಲೆಕ್ಕ ಹಾಕುವ ಅಳಿಯಕಟ್ಟಿನ ಮನೆಗಳಲ್ಲಿ ಅಮ್ಮನ ಅಣ್ಣನೇ ಮನೆಯ ಯಜಮಾನ ಆಗಿರುವುದುಂಟು. ಎಷ್ಟೋ ಮಕ್ಕಳು ಬೆಳೆದದ್ದೇ ಮಾವನ ಆಶ್ರಯದಲ್ಲಿ. ಆದರೆ ಬೇರೆ ಊರಿನಿಂದ ಬಂದ ಮೇಷ್ಟ್ರಿಗೆ "ಮಾವ" ಎಂದರೆ ದೂರದ ನೆಂಟ ಎಂದೇ ಅನಿಸಬಹುದು. ಇಂಗ್ಲಿಷಿನಲ್ಲಿ ಬರೆದರಂತೂ ಎಲ್ಲ ಬಗೆಯ ಚಿಕ್ಕಪ್ಪ, ಮಾವ ಒಂದೇ ಆಗಿಬಿಡುತ್ತಾರೆ. ಇಂಥಲ್ಲಿ ಮಾತ್ರ ನಾಲ್ಕು ಪದ ಜಾಸ್ತಿ ಬರೆಯಬೇಕು: "ನಾನು ಬೆಳೆದದ್ದು ಅವರ ಮನೆಯಲ್ಲಿ." ಅಷ್ಟೇ. ಅಳಿಯಕಟ್ಟಿನ ಪದ್ಧತಿಯನ್ನು ವಿವರಿಸಲು ಹೊರಡಬೇಡಿ. ತೀರಿಕೊಂಡವರ ಹೆಸರೂ ಬೇಕಾಗಿಲ್ಲ.

## ದಾಖಲೆ

ಸಾವಿನ ಮರುದಿನವೇ ಮರಣ ಪ್ರಮಾಣಪತ್ರ ಕೈಯಲ್ಲಿರುವುದು ಅಪರೂಪ. ಜನನ ಮತ್ತು ಮರಣ ನೋಂದಣಿ ಕಾಯ್ದೆ (1969) ಪ್ರಕಾರ ಸಾವನ್ನು ನೋಂದಾಯಿಸಲು 21 ದಿನಗಳ ಅವಧಿ ಇದೆ. ಮನೆಯಲ್ಲೇ ತೀರಿಕೊಂಡಿದ್ದರೆ ಮನೆಯವರು ಹೋಗಿ ತಿಳಿಸಬೇಕು. ಆ ಗಡಿಬಿಡಿಯಲ್ಲಿ ಮೊದಲ ವಾರ ಯಾರಿಗೂ ಅದರ ನೆನಪಿರುವುದಿಲ್ಲ. ಆದ್ದರಿಂದ ಪತ್ರದಲ್ಲಿ "ಬೇಕಿದ್ದರೆ ಮರಳಿದ ಮೇಲೆ" ಎಂದು ಬರೆದದ್ದು. ದಾಖಲೆ ಇಲ್ಲ ಅಂತ ಪತ್ರ ಕಳಿಸುವುದನ್ನೇ ಮುಂದೆ ಹಾಕಬೇಡಿ.

ಕೆಲವರು ನಂಬಿಕೆ ಬರಲಿ ಅಂತ ಶವದ ಎದುರು ತೆಗೆದ ಫೋಟೋವನ್ನೇ ವಾಟ್ಸಾಪ್ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. ನಮ್ಮಲ್ಲಿ ಬೇಕಾದಷ್ಟು ಬೇರೆ ದಾರಿಗಳಿವೆ. ಉತ್ತರಕ್ರಿಯೆಗೆ ಅಚ್ಚು ಹಾಕಿಸಿದ ಕಾಗದದಲ್ಲಿ ಹೆಸರು, ತೀರಿಕೊಂಡ ದಿನ, ಮನೆಯ ವಿಳಾಸ ಎಲ್ಲ ಇರುತ್ತದೆ. ಪತ್ರಿಕೆಯಲ್ಲಿ ಬಂದ ನಿಧನ ವಾರ್ತೆಯ ತುಣುಕೂ ನಡೆಯುತ್ತದೆ. ಅಸೈನ್‌ಮೆಂಟಿನ ಮಟ್ಟಿಗೆ ಎಷ್ಟೋ ಮೇಷ್ಟ್ರುಗಳು ಇದನ್ನೂ ಕೇಳುವುದಿಲ್ಲ. ಹಾಜರಾತಿಗೆ ಆಫೀಸಿನವರು ಕೇಳುತ್ತಾರೆ, ಹಾಗಾಗಿ ಒಂದು ಪ್ರತಿ ತೆಗೆದಿಟ್ಟಿರಿ.

## ಯಾವಾಗ, ಹೇಗೆ ಕಳಿಸುವುದು?

ಗಡುವಿನ ಮೊದಲೇ ಕಳಿಸಿದರೆ ಒಳ್ಳೆಯದು. ಆಗದಿದ್ದರೆ ಆದಷ್ಟು ಬೇಗ. ಗಡುವು ದಾಟಿದ ಮೇಲೆ ಬರೆಯುವುದಾದರೂ ಪತ್ರ ಬದಲಾಗುವುದಿಲ್ಲ, "13ಕ್ಕೆ ಕೊಡಬೇಕಾಗಿದ್ದ" ಎಂದಾಗುತ್ತದೆ ಅಷ್ಟೆ.

ಕಾಲೇಜಿನ ಮೇಲ್ ಇದ್ದರೆ ಅದರಿಂದಲೇ ಕಳಿಸಿ. ಮೇಡಂ ವಾಟ್ಸಾಪಿನಲ್ಲಿ ಸಿಗುವವರಾದರೆ "ಮೇಡಂ, ಅಸೈನ್‌ಮೆಂಟ್ ವಿಷಯ ಒಂದು ಮೇಲ್ ಕಳಿಸಿದ್ದೇನೆ, ದಯವಿಟ್ಟು ನೋಡಿ" ಎಂದು ಒಂದು ಸಾಲು ಹಾಕಬಹುದು. ಕ್ಲಾಸಿನ ಗ್ರೂಪಿನಲ್ಲಿ ಮಾತ್ರ ಕೇಳಬೇಡಿ. ಅರುವತ್ತು ಜನ ಒಬ್ಬರಾದ ಮೇಲೊಬ್ಬರು ಕೈಮುಗಿದ ಚಿತ್ರ ಹಾಕುತ್ತಾರೆ, ನಿಮ್ಮ ಪ್ರಶ್ನೆ ಅದರಡಿ ಹೂತುಹೋಗುತ್ತದೆ.

ಬರೆಯಲು ಕೈ ಬಾರದಿದ್ದರೆ ರೂಮ್‌ಮೇಟ್ ಅಥವಾ ಕ್ಲಾಸ್ ಲೀಡರ್ ಬರೆಯಲಿ. ಅವರೂ ಇಷ್ಟೇ ಬರೆಯಬೇಕು: ಇಂಥವರ ಮನೆಯಲ್ಲಿ ಸಾವಾಗಿದೆ, ಊರಿಗೆ ಹೋಗಿದ್ದಾರೆ, ಅಸೈನ್‌ಮೆಂಟ್ 2ರ ಬಗ್ಗೆ ಸೋಮವಾರದೊಳಗೆ ಅವರೇ ಬರೆಯುತ್ತಾರೆ. ಗಡುವಿನ ದಿನ ಮೇಡಂಗೆ ಸುದ್ದಿ ಗೊತ್ತಿರುತ್ತದೆ, ಅದು ಮುಖ್ಯ.

ಎರಡು ದಿನ ಉತ್ತರ ಬಾರದಿದ್ದರೆ ಅದೇ ಇಮೇಲಿನ ಕೆಳಗೆ ಒಂದು ಸಾಲು ನೆನಪಿಸಿ. ಆಗಲೂ ಬಾರದಿದ್ದರೆ ನೀವು ಹೇಳಿದ ದಿನಕ್ಕೆ ಕೆಲಸ ಮುಗಿಸಿ ಕೊಟ್ಟುಬಿಡಿ, ಮರಳಿದ ದಿನ ಸ್ಟಾಫ್ ರೂಮಿಗೆ ಹೋಗಿ ಕೇಳಿ. ಉತ್ತರ ಬರದಿರುವುದಕ್ಕೆ ಬೇಡ ಅಂತ ಅರ್ಥ ಮಾಡಿಕೊಳ್ಳಬೇಕಿಲ್ಲ. ಒಪ್ಪಿಗೆ ಬಾಯಿಮಾತಿನಲ್ಲಿ ಸಿಕ್ಕಿದರೆ "ನವೆಂಬರ್ 19ರವರೆಗೆ ಸಮಯ ಕೊಟ್ಟದ್ದಕ್ಕೆ ಧನ್ಯವಾದ ಮೇಡಂ" ಎಂದು ಅದೇ ಮೇಲಿಗೆ ಬರೆದು ಹಾಕಿ. ದಿನ ದಾಖಲಾಗುತ್ತದೆ.

## ಮರಳಿದ ಮೇಲೆ

ಕಾರಿಡಾರಿನಲ್ಲಿ ಸಿಕ್ಕಿದಾಗ ಮೇಡಂ "ಏನಾಗಿತ್ತು ಮಗಾ?" ಅಂತ ಕೇಳಬಹುದು. ಕಾಳಜಿಯಿಂದಲೇ ಕೇಳುತ್ತಾರೆ. ಹೇಳಬೇಕು ಅನಿಸಿದರೆ ಹೇಳಿ. ಅನಿಸದಿದ್ದರೆ "ವಯಸ್ಸಾಗಿತ್ತು ಮೇಡಂ" ಎಂದೋ, "ಈಗ ಮಾತಾಡಲು ಆಗುತ್ತಿಲ್ಲ ಮೇಡಂ" ಎಂದೋ ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಪತ್ರದಿಂದ ತೆಗೆದದ್ದೆಲ್ಲ, ಅಂದರೆ ಆಸ್ಪತ್ರೆಯ ದಿನಗಳು, ಮನೆಯ ಜಗಳ, ಸಾಕಿದ ಅಜ್ಜಿ, ಹೇಳಿಕೊಳ್ಳಲೇಬೇಕಾದ ಮಾತುಗಳು. ಅಸೈನ್‌ಮೆಂಟ್ ಕೇಳುವ ಮೇಲ್ ಅದಕ್ಕೆ ಜಾಗವಲ್ಲ ಅಷ್ಟೆ. ಗೆಳತಿ ಇದ್ದಾಳೆ, ಕೆಲವು ಕಾಲೇಜುಗಳಲ್ಲಿ ಮೆಂಟರ್, ಕೌನ್ಸೆಲರ್ ಇದ್ದಾರೆ. ರಾತ್ರಿ ಹೊತ್ತು ಯಾರೂ ಇಲ್ಲ ಅನಿಸಿದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

19ಕ್ಕೂ ಆಗುವುದಿಲ್ಲ ಅಂತ 17ರಂದೇ ಗೊತ್ತಾದರೆ 17ರಂದೇ ಬರೆಯಿರಿ: ಎಷ್ಟು ಆಗಿದೆ, ಎಷ್ಟು ಉಳಿದಿದೆ, ಹೊಸ ದಿನ ಯಾವುದು. ಆಗಿರುವ ಭಾಗವನ್ನು ಜೊತೆಗೆ ಕಳಿಸಿದರೆ ಮೇಡಂಗೆ ಒಪ್ಪಲು ಸುಲಭ. ಅಸೈನ್‌ಮೆಂಟ್ ಕೊಡುವಾಗ ಮೊದಲ ಪುಟದ ಮೇಲ್ಗಡೆ "ಅನುಮತಿ ಪಡೆದು ನ. 19ಕ್ಕೆ ಸಲ್ಲಿಸಿದ್ದು" ಎಂದು ಬರೆಯಿರಿ. ಒಂದು ಕಟ್ಟು ಅಸೈನ್‌ಮೆಂಟ್ ತಿದ್ದುವಾಗ ಯಾರಿಗೆ ಎಷ್ಟು ದಿನ ಕೊಟ್ಟಿದ್ದೆವು ಎಂಬುದು ನಮಗೆ ನೆನಪಿರುವುದಿಲ್ಲ, ತಡವಾದದ್ದಕ್ಕೆ ಅಂಕ ಕಳೆದುಹೋಗುವುದು ಹೆಚ್ಚಾಗಿ ಹಾಗೆಯೇ.